ಹನ್ನೆರಡರಿಂದ ಭಾಗಿಸಿದರೆ ಸಂಬಳ ಹುಟ್ಟುವುದಿಲ್ಲ

“ವರ್ಷದ ಲೆಕ್ಕದಲ್ಲಿ ಲಾಭವಿದೆ. ಆದರೂ ಪರೀಕ್ಷೆ ಬಂದಾಗ ಶಿಕ್ಷಕರ ಸಂಬಳಕ್ಕೆ ಸಾಲ ಮಾಡಬೇಕಾಗುತ್ತದೆ. ಒಟ್ಟು ವಸೂಲಿಯನ್ನು ಹನ್ನೆರಡರಿಂದ ಭಾಗಿಸಿ ಬಜೆಟ್ ಹಾಕಿಕೊಂಡರೆ ಸಾಕಲ್ಲವೇ?”

ಸಾಲದು. ಟ್ಯೂಷನ್ ಕೇಂದ್ರ ನಡೆಸುವವರು ಇದನ್ನು ಎಷ್ಟು ಸಲ ಕೇಳಿದ್ದಾರೆಂದರೆ, ಈಗ ಫೋನಿನಲ್ಲಿ “ವರ್ಷದ ಲೆಕ್ಕದಲ್ಲಿ” ಎಂಬಷ್ಟು ಕೇಳಿಸಿದರೂ ನನಗೆ ಉಳಿದದ್ದು ಗೊತ್ತಾಗುತ್ತದೆ. ಅದರಲ್ಲಿ “ಸಾಕಲ್ಲವೇ” ಎಂಬ ಬಾಲ ಬೇರೆ. ಉತ್ತರವನ್ನು ತಾವೇ ತೀರ್ಮಾನಿಸಿ, ನನ್ನಿಂದ ಮೊಹರು ಒತ್ತಿಸಿಕೊಳ್ಳಲು ಬಂದವರಿಗೆ ನಾನೇಕೆ?

ಒಬ್ಬರು ಏಳನೆಯ ತಿಂಗಳಲ್ಲಿ ಬ್ಯಾಂಕಿನಲ್ಲಿದ್ದ ಹಣ ನೋಡಿ ಹಿಗ್ಗಿ, ಪಕ್ಕದ ಕೋಣೆಯನ್ನೂ ಹಿಡಿದರು. ಹನ್ನೊಂದನೆಯ ತಿಂಗಳಲ್ಲಿ ನನ್ನ ಬಳಿ ಬಂದು, “ಹಣ ಎಲ್ಲಿ ಸೋರುತ್ತಿದೆ ಹುಡುಕಿಕೊಡಿ” ಎಂದರು. ಎಲ್ಲೂ ಸೋರಿರಲಿಲ್ಲ. ಅವರ ಲೆಕ್ಕದ ಆಕಾರ ಹೀಗಿತ್ತು, ಅಂಕಿಗಳನ್ನು ಸರಳಗೊಳಿಸಿದ್ದೇನೆ. ತಿಂಗಳ ಸರಾಸರಿ ವಸೂಲಿಯನ್ನು 100 ಎನ್ನಿ, ವರ್ಷಕ್ಕೆ 1200. ಮೊದಲ ತಿಂಗಳು ದಾಖಲಾತಿಯ ಭರದಲ್ಲಿ 220 ಬಂತು, ಮರುತಿಂಗಳು 160. ಆಮೇಲೆ 100ರ ಆಸುಪಾಸು, ಆರನೆಯ ತಿಂಗಳಲ್ಲಿ ಎರಡನೆಯ ಕಂತಿನಿಂದ 150. ಎಂಟು ಮತ್ತು ಒಂಬತ್ತನೆಯ ತಿಂಗಳಲ್ಲಿ 80, ಹತ್ತರಲ್ಲಿ 60, ಕೊನೆಯ ಎರಡರಲ್ಲಿ ಬರೀ 30.

ಖರ್ಚು ಈ ಇಳಿತವನ್ನು ಅನುಸರಿಸುವುದಿಲ್ಲ. ಬಾಡಿಗೆ ಮತ್ತು ಕಾಯಂ ಶಿಕ್ಷಕರ ಸಂಬಳ ಸೇರಿ ಪ್ರತಿ ತಿಂಗಳೂ 60. ತಾಸಿನ ಲೆಕ್ಕದಲ್ಲಿ ಪಾಠ ಮಾಡುವವರ ವೇತನವೇ ನಿಜವಾದ ತುಂಟ. ಪರೀಕ್ಷೆಗೆ ಮೊದಲು ಪುನರಾವರ್ತನೆಯ ತರಗತಿಗಳು ಹೆಚ್ಚುತ್ತವೆ, ಅದಕ್ಕೆ ಯಾರೂ ಹೊಸ ಶುಲ್ಕ ಕೊಡುವುದಿಲ್ಲ. ಕೊನೆಯ ವರ್ಷದವರ ಕಂತುಗಳು ಅಷ್ಟರಲ್ಲಿ ಮುಗಿದಿರುತ್ತವೆ. ಆ ತಾಸುಗಳ ವೇತನ ಸಂದಾಯವಾಗುವುದು ಮರುತಿಂಗಳು. ಹೀಗಾಗಿ ಹತ್ತನೆಯ ತಿಂಗಳ ದುಡಿಮೆಯ 50 ಹನ್ನೊಂದರ ತಲೆಯ ಮೇಲೆ ಬೀಳುತ್ತದೆ: ಬಂದದ್ದು 30, ಹೋಗಬೇಕಾದದ್ದು 110. ವರ್ಷದ ಒಟ್ಟು ಖರ್ಚು 1080. ಲಾಭ 120 ಇದ್ದದ್ದು ಸುಳ್ಳೇನೂ ಅಲ್ಲ.

ಸೊನ್ನೆಯಿಂದ ಶುರುಮಾಡಿ ತಿಂಗಳಿಂದ ತಿಂಗಳಿಗೆ ಕೂಡುತ್ತಾ ಹೋದರೆ ಏಳನೆಯ ತಿಂಗಳ ಕೊನೆಗೆ ಕೈಯಲ್ಲಿ 320 ಇರುತ್ತದೆ. ವರ್ಷದ ಶಿಖರ ಅದೇ. ಅಲ್ಲಿಂದ ಮುಂದಿನ ಐದು ತಿಂಗಳ ಕೊರತೆಗಳು ಕ್ರಮವಾಗಿ 10, 15, 45, 80, 50, ಒಟ್ಟು 200. ಅವರು ಕೋಣೆಗೆಂದು ತೆಗೆದದ್ದು 250. ಉಳಿದ 70 ಹತ್ತನೆಯ ತಿಂಗಳ ಕೊನೆಗೆ ಕರಾರುವಾಕ್ಕಾಗಿ ಸೊನ್ನೆಯಾಯಿತು.

ಇಷ್ಟು ಹೇಳಿದ ಮೇಲೂ ಅವರು “ಹಾಗಾದರೆ 120 ತೆಗೆಯಬಹುದಿತ್ತು” ಎಂದು ವಾದಿಸಿದರು. ಅದೂ ಇಲ್ಲ. ತಿಂಗಳ ಕೋಷ್ಟಕ ತಿಂಗಳೊಳಗಿನ ತಾರೀಖುಗಳನ್ನು ನುಂಗಿಹಾಕುತ್ತದೆ. ಸಂಬಳ, ಬಾಡಿಗೆಗಳ ಗಡುವು ತಿಂಗಳ ಮೊದಲ ವಾರ. ಪೋಷಕರು ಶುಲ್ಕ ಕಟ್ಟುವುದು ಅವರಿಗೆ ಬಿಡುವಾದಾಗ. ಮುಂದಿನ ವರ್ಷದ ಮೊದಲ ತಿಂಗಳ ಖರ್ಚಿನ 70 ಕೂಡ ಪೆಟ್ಟಿಗೆಯಲ್ಲಿ ಇರಲೇಬೇಕು. ಅಲ್ಲಿಗೆ ತೆಗೆಯಬಹುದಾಗಿದ್ದದ್ದು 50.

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ: ಇವತ್ತು ಕೈಯಲ್ಲಿರುವ ಹಣದಲ್ಲಿ ಇನ್ನೂ ಮಾಡದ ಪಾಠದ್ದು ಎಷ್ಟು? ಇದಕ್ಕೆ ಉತ್ತರಿಸಲು ರಸೀದಿ ಪುಸ್ತಕದ ತಾರೀಖು ಸಾಲದು. ಪ್ರತಿ ಪಾವತಿಯ ಎದುರಿಗೆ ಅದು ಯಾವ ತರಗತಿಯದು, ಯಾವ ತಿಂಗಳುಗಳ ಪಾಠಕ್ಕೆ ಸಂದದ್ದು ಎಂದೂ ಬರೆಯಬೇಕು. ಹಾಗೆ ಬರೆದಾಗಲೇ ಹತ್ತನೆಯ ತಿಂಗಳ 60ರ ಅರ್ಥ ಬಿಡಿಸಿಕೊಳ್ಳುತ್ತದೆ. ಮಕ್ಕಳು ಬಿಟ್ಟುಹೋದದ್ದರಿಂದ ಇಳಿಯಿತೋ, ಮೊದಲೇ ಕಟ್ಟಿಬಿಟ್ಟದ್ದರಿಂದ ಇಳಿಯಿತೋ, ಅಥವಾ ಬಾಕಿ ಉಳಿಸಿಕೊಂಡದ್ದರಿಂದಲೋ? ಮೂರಕ್ಕೂ ಮದ್ದು ಬೇರೆ. ಅಂದ ಹಾಗೆ, ಕೊನೆಯ ವರ್ಷದವರು ಪರೀಕ್ಷೆಯ ದಿನದವರೆಗೂ ಕಟ್ಟದ ಬಾಕಿಯನ್ನು ನಾನು ಸೊನ್ನೆ ಎಂದೇ ಹಿಡಿಯುತ್ತೇನೆ. ಇದನ್ನು ನಿರಾಶಾವಾದ ಎನ್ನುವವರು ವಸೂಲಿ ಮಾಡಿ ತೋರಿಸಲಿ.

ಒಂದೇ ವರ್ಷದ ಅಂಕಿಗಳಿಂದ ಮುಂದಿನ ವರ್ಷವನ್ನು ಹೇಳುವುದಕ್ಕೂ ಮಿತಿಯಿದೆ. ವರ್ಷದ ನಡುವೆ ಮಕ್ಕಳ ಸಂಖ್ಯೆ ಏರಿದ್ದರೆ ಆ ಏರಿಕೆಯೂ ಋತುಮಾನದ ವೇಷದಲ್ಲಿ ಕುಳಿತಿರುತ್ತದೆ. ಆದ್ದರಿಂದ ವಸೂಲಿಯನ್ನು ಆ ತಿಂಗಳ ಮಕ್ಕಳ ಸಂಖ್ಯೆಯಿಂದ ಭಾಗಿಸಿ, ತಲಾ ಪಾವತಿಯ ಏರಿಳಿತವನ್ನು ಬೇರೆಯಾಗಿ ನೋಡಿ. ಮುಂದಿನ ವರ್ಷಕ್ಕೆ ಮಕ್ಕಳ ಸಂಖ್ಯೆಯ ಅಂದಾಜನ್ನು ಅದಕ್ಕೆ ಗುಣಿಸಿ. ದಾಖಲಾತಿ ಹತ್ತರಲ್ಲಿ ಎರಡು ಪಾಲು ಕಡಿಮೆಯಾದರೆ ಏನಾಗುತ್ತದೆಂದು ಇನ್ನೊಂದು ಸಾಲನ್ನೂ ಹಾಕಿ; ಕಾಯಂ ಖರ್ಚಿನ 60 ಮಾತ್ರ ಇಳಿಸಬೇಡಿ.

ಇದನ್ನೆಲ್ಲ ಕೇಳಿ ಆ ಮಹನೀಯರು, “ಇಡೀ ವರ್ಷದ ಶುಲ್ಕವನ್ನು ಮೊದಲ ತಿಂಗಳೇ ವಸೂಲಿ ಮಾಡಿದರೆ?” ಎಂದರು. ಮಾಡಿ. ಆಗ ಶಿಖರ ಮೊದಲ ತಿಂಗಳಿಗೇ ಬರುತ್ತದೆ, ಮುಟ್ಟಬಾರದ ಮೊತ್ತ ಹನ್ನೊಂದು ತಿಂಗಳ ಖರ್ಚಿನಷ್ಟಾಗುತ್ತದೆ, ನಡುವೆ ಬಿಟ್ಟುಹೋಗುವವರು ಹಣ ವಾಪಸ್ ಕೇಳುತ್ತಾರೆ. ಎರಡನೆಯ ಕೋಣೆಗೆ ಇನ್ನೂ ಬೇಗ ಮುಂಗಡ ಕೊಡಬಹುದು, ಅಷ್ಟೇ.