ನಯವಾಗಿ ಬರೆಯುವುದಲ್ಲ

"ಒಳಗೆ ಗ್ರೂಪಲ್ಲಿ ಹಂಗೆಲ್ಲ ಕಿತ್ತಾಡಿರ್ತೀರಿ, ಗಿರಾಕಿಗೆ ಮಾತ್ರ ಅಷ್ಟು ನಯವಾಗಿ ಪತ್ರ ಹೆಂಗೆ ಬರೀತೀರಿ ಮೇಡಂ? ಅದು ಒಂಥರಾ ಸುಳ್ಳಲ್ವಾ?"

ಅಲ್ಲ. ನಯ ಅನ್ನೋ ಪದ ಕೇಳಿದರೇ ನನಗೆ ಸಿಟ್ಟು ಬರುತ್ತೆ. ಬೈಗುಳಕ್ಕೆ ಬೆಣ್ಣೆ ಹಚ್ಚಿ ಕಳಿಸುವುದು ನನ್ನ ಕೆಲಸ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಗ್ರೂಪಿನಲ್ಲಿ ಬಿದ್ದ ಒಂದೊಂದು ಮಾತನ್ನೂ ಹಿಡಿದು, ಇದು ನಿಜವಾ, ಊಹೆಯಾ, ಬರೀ ಸಿಟ್ಟಾ ಅಂತ ನೋಡಿ, ನಿಜವಾದದ್ದನ್ನಷ್ಟೇ ಹೊರಗೆ ಕಳಿಸುವುದು ನನ್ನ ಕೆಲಸ. ಒಮ್ಮೆ ಹೇಗೆ ಮಾಡಿದೆ ಅಂತ ಪೂರ್ತಿ ಹೇಳುತ್ತೇನೆ, ಇನ್ನು ಮೇಲೆ ಕೇಳುವವರಿಗೆ ಇದನ್ನೇ ಓದಲು ಕೊಡುತ್ತೇನೆ.

ನಮ್ಮದು ದಾವಣಗೆರೆಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸು. ಚಿತ್ರದುರ್ಗದ ಒಬ್ಬ ಅಕ್ಕಿ ಸಾಹುಕಾರರಿಗೆ ಏಪ್ರಿಲ್ 1ರಿಂದ ಹೊಸ ಸಾಫ್ಟ್‌ವೇರ್ ಶುರು ಮಾಡಿಕೊಡುತ್ತೇವೆ ಅಂತ ಒಪ್ಪಿಕೊಂಡಿದ್ದೆವು. ಹೊಸ ಲೆಕ್ಕದ ವರ್ಷ, ಹೊಸ ಬಿಲ್ ನಂಬರು, ಎಲ್ಲ ಒಟ್ಟಿಗೇ ಶುರುವಾಗಲಿ ಅಂತ. ಮಾರ್ಚ್ 18ಕ್ಕೆ ಟ್ರಯಲ್ ಬಿಲ್ ಹಾಕಿ ನೋಡಿದಾಗ ಗ್ರೂಪಿನಲ್ಲಿ ಬಿದ್ದ ಮೆಸೇಜುಗಳು ಇವು:

"26 ಕೆಜಿ ಚೀಲಕ್ಕೂ 5 ಪರ್ಸೆಂಟ್ ಬೀಳ್ತಿದೆ. ಐಟಂ ಮಾಸ್ಟರ್ ಮಾಡಿದ್ದು ಯಾರು?"
"ನಾನಲ್ಲ. ಅವರ ಲಿಸ್ಟಲ್ಲಿ ತೂಕಾನೇ ಇಲ್ಲ."
"ಲಿಸ್ಟ್ ಕಳಿಸಿದ್ದೇ ನಿನ್ನೆ. ಅವರದೇ ತಪ್ಪು."
"ಒಂದನೇ ತಾರೀಕಿಗೆ ಆಗಲ್ಲ ಬಿಡ್ರಿ."
"ಎರಡು ದಿನ ಕೊಡಿ, ಮುಗಿಸ್ತೀನಿ."

ಅಕ್ಕಿ ವ್ಯಾಪಾರ ಗೊತ್ತಿಲ್ಲದವರಿಗೆ ಮೊದಲನೇ ಮೆಸೇಜ್ ಅರ್ಥವಾಗಲಿಕ್ಕಿಲ್ಲ. ಐಟಂ ಮಾಸ್ಟರ್ ಅಂದರೆ ಸಾಫ್ಟ್‌ವೇರಿನಲ್ಲಿ ಮಾಲಿನ ವಿವರ ತುಂಬಿಡುವ ಪಟ್ಟಿ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ 25 ಕೆಜಿವರೆಗಿನ ಚೀಲದಲ್ಲಿದ್ದರೆ ಶೇ. 5 ಜಿಎಸ್‌ಟಿ ಇದೆ. ಚೀಲ 25 ಕೆಜಿ ದಾಟಿದರೆ ಇಲ್ಲ. 26 ಕೆಜಿ ಚೀಲ ಮಾರುಕಟ್ಟೆಗೆ ಬಂದದ್ದೇ ಅದಕ್ಕೆ. ನಮ್ಮ ಸಾಫ್ಟ್‌ವೇರ್ ಅಕ್ಕಿಯ ಹೆಸರು ನೋಡಿ ತೆರಿಗೆ ಹಾಕುತ್ತಿತ್ತು, ಚೀಲದ ತೂಕ ನೋಡುತ್ತಿರಲಿಲ್ಲ. ಸೋನಾ ಮಸೂರಿ ಅಂದರೆ ಸೋನಾ ಮಸೂರಿ, ಎಲ್ಲದಕ್ಕೂ 5. ಹಾಗೇ ಬಿಟ್ಟಿದ್ದರೆ ಗಿರಾಕಿಯಿಂದ ಇಲ್ಲದ ತೆರಿಗೆ ವಸೂಲಿ ಮಾಡಿದಂತಾಗುತ್ತಿತ್ತು.

ಇನ್ನು "ಅವರದೇ ತಪ್ಪು" ಅನ್ನೋ ಮಾತು. ಇದನ್ನು ನಯವಾಗಿ ಬರೆಯುವುದಾದರೆ ಬಹಳ ಸುಲಭ: "ತಮ್ಮಿಂದ ಮಾಹಿತಿ ಬರುವುದು ತಡವಾದ ಕಾರಣ..." ನಾನು ಹಳೆಯ ಮೇಲ್ ತೆಗೆದು ನೋಡಿದೆ. ಪಟ್ಟಿ ಮಾರ್ಚ್ 5ರೊಳಗೆ ಕೊಡಿ ಅಂತ ಕೇಳಿದ್ದೆವು, ಬಂದದ್ದು 17ಕ್ಕೆ, ಅಷ್ಟು ನಿಜ. ಆ ಹನ್ನೆರಡು ದಿನದಲ್ಲಿ ನಮ್ಮ ಕಡೆಯಿಂದ ಒಂದು ಫೋನೂ ಹೋಗಿರಲಿಲ್ಲ, ಅದೂ ನಿಜ. ಅದಕ್ಕಿಂತ ದೊಡ್ಡದು, ತುಂಬಿಸಿ ಕಳಿಸಿ ಅಂತ ನಾವೇ ಕೊಟ್ಟ ಎಕ್ಸೆಲ್ ಹಾಳೆಯಲ್ಲಿ ತೂಕದ ಕಾಲಮ್ಮೇ ಇರಲಿಲ್ಲ. ಅವರು ನಾವು ಕೇಳಿದ್ದನ್ನು ಕೇಳಿದಂತೆಯೇ ಕೊಟ್ಟಿದ್ದರು. ಮೇಲ್ ನೋಡದೆ ಬರೆದಿದ್ದರೆ ನಮ್ಮ ತಪ್ಪು ಸಾಹುಕಾರರ ತಲೆಗೆ ಹೋಗುತ್ತಿತ್ತು, ಅದೂ ಎಷ್ಟೊಂದು ಮರ್ಯಾದೆಯ ಭಾಷೆಯಲ್ಲಿ!

"ಎರಡು ದಿನ" ಅಂದ ಹುಡುಗನ ಪಕ್ಕ ಕೂತು ಕೇಳಿದೆ, ಯಾವ ಎರಡು ದಿನ ಅಂತ. ಅವನು ಹೇಳಿದ್ದು ಕೋಡ್ ತಿದ್ದುವುದಕ್ಕೆ, ಅದು ಸರಿಯಾಗಿಯೇ ಇತ್ತು. ಆದರೆ 412 ಐಟಂಗಳಿಗೆ ತೂಕ ತುಂಬಬೇಕು, ಅದು ಅಂಗಡಿಯ ಗುಮಾಸ್ತರಿಗೆ ಮಾತ್ರ ಗೊತ್ತು, ಅದಕ್ಕೆ ಮೂರು ದಿನ. ಆಮೇಲೆ ಒಂದೇ ಮಾಲಿಗೆ ಹಳೆಯದರಲ್ಲೂ ಹೊಸದರಲ್ಲೂ ಬಿಲ್ ಹಾಕಿ, ತೆರಿಗೆ ತಾಳೆ ನೋಡಲು ನಾಲ್ಕು ದಿನ. ಒಟ್ಟು ಒಂಬತ್ತು. ನಡುವೆ ಎರಡು ಭಾನುವಾರ, ಯುಗಾದಿಯ ಎರಡು ದಿನ. ಮಾರ್ಚ್ 29ರಿಂದ ಎಣಿಸಿದರೆ ಏಪ್ರಿಲ್ 10 ಆಯಿತು.

ಆಮೇಲೆ ಕನ್ನಡದ್ದೇ ಒಂದು ತೊಂದರೆ. ನಮ್ಮ ಭಾಷೆಯಲ್ಲಿ ಮಾಡಿದವನನ್ನು ಬಿಟ್ಟು ವಾಕ್ಯ ಮುಗಿಸುವುದು ಬಹಳ ಸಲೀಸು. "ತಾಂತ್ರಿಕ ಕಾರಣಗಳಿಂದ ವಿಳಂಬವಾಗಿದೆ." ಯಾರೂ ಏನೂ ಮಾಡಲಿಲ್ಲ, ಮಳೆ ಬಂದ ಹಾಗೆ ಅದೇ ಆಯಿತು. ನನ್ನ ಮೊದಲ ಕರಡಿನಲ್ಲಿ "ಆಗಿದೆ" ನಾಲ್ಕು ಕಡೆ ಇತ್ತು. ಒಂದೊಂದನ್ನೂ ಹೊಡೆದು "ಮಾಡಿದ್ದೇವೆ", "ಕೇಳಿರಲಿಲ್ಲ" ಅಂತ ತಿದ್ದಿದೆ. ಹುಡುಗರ ಹೆಸರು ಮಾತ್ರ ಹಾಕಲಿಲ್ಲ. ಸಾಹುಕಾರರು ಮಾತು ಮಾಡಿಕೊಂಡದ್ದು ಆಫೀಸಿನ ಜೊತೆ, ಹಾಳೆ ಮಾಡಿದ ಹುಡುಗಿಯ ಜೊತೆ ಅಲ್ಲ. ಕೊನೆಗೆ ಹೋದ ಪತ್ರ ಇದು:

"ಏಪ್ರಿಲ್ 1ರಂದು ಹೊಸ ಸಾಫ್ಟ್‌ವೇರ್ ಶುರು ಮಾಡಿಕೊಡಲು ನಮ್ಮಿಂದ ಆಗುವುದಿಲ್ಲ. ಏಪ್ರಿಲ್ 11ರಂದು ಶುರು ಮಾಡುತ್ತೇವೆ. ನಿಮ್ಮಿಂದ ಐಟಂ ಪಟ್ಟಿ ಕೇಳುವಾಗ ನಾವು ಚೀಲದ ತೂಕ ಕೇಳಿರಲಿಲ್ಲ. ಹಾಗಾಗಿ 26 ಕೆಜಿ ಚೀಲಕ್ಕೂ ಶೇ. 5 ತೆರಿಗೆ ಬೀಳುತ್ತಿದೆ. ಇದನ್ನು ತಿದ್ದುತ್ತಿದ್ದೇವೆ. ತೂಕ ತುಂಬಲು ನಿಮ್ಮ ಗುಮಾಸ್ತರ ಮೂರು ದಿನ ಬೇಕು, ನಮ್ಮವರೊಬ್ಬರು ಅಂಗಡಿಗೇ ಬಂದು ಜೊತೆಗೆ ಕೂರುತ್ತಾರೆ. ಆ ಮೂರು ದಿನ ಜಾಸ್ತಿಯಾದರೆ 11 ಕೂಡ ಅಷ್ಟೇ ಮುಂದೆ ಹೋಗುತ್ತದೆ. 10ರವರೆಗೆ ಹಳೆಯ ಸಾಫ್ಟ್‌ವೇರಿನಲ್ಲೇ ಬಿಲ್ ಹಾಕಿ. 11ರಿಂದ ಹೊಸದರಲ್ಲಿ ಬೇರೆ ಸರಣಿಯ ನಂಬರ್ ಕೊಡುತ್ತೇವೆ. ಒಂದೇ ವರ್ಷದಲ್ಲಿ ಎರಡು ಸರಣಿ ಇಟ್ಟುಕೊಳ್ಳಲು ಜಿಎಸ್‌ಟಿ ನಿಯಮದಲ್ಲಿ ಅವಕಾಶವಿದೆ, ಯಾವ ನಂಬರೂ ಎರಡು ಸಲ ಬರಬಾರದು ಅಷ್ಟೇ."

ಕ್ಷಮೆ ಕೇಳಿದ್ದು ಕೊನೆಯಲ್ಲಿ, ಒಂದೇ ಸಾಲು. ಪಟ್ಟಿ 17ಕ್ಕೆ ಬಂದದ್ದನ್ನು ಬರೆಯಲಿಲ್ಲ. 5ಕ್ಕೇ ಬಂದಿದ್ದರೂ ಅದರಲ್ಲಿ ತೂಕ ಇರುತ್ತಿರಲಿಲ್ಲ.

ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ. ಗ್ರೂಪಿನ ಮೆಸೇಜಿಗಿಂತ ಈ ಪತ್ರದಲ್ಲೇ ನಿಜ ಜಾಸ್ತಿ ಇದೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು, ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ: ನಿಮಗೆ ಯಾವಾಗ ಗೊತ್ತಾಯ್ತು, ಅವರಿಗೆ ಯಾವಾಗ ಹೇಳಿದಿರಿ? "ಒಂದನೇ ತಾರೀಕಿಗೆ ಆಗಲ್ಲ ಬಿಡ್ರಿ" ಅನ್ನೋ ಮೆಸೇಜ್ ಬಿದ್ದದ್ದು 18ಕ್ಕೆ. ನಾನು ಪತ್ರ ಕಳಿಸಿದ್ದು 28ಕ್ಕೆ. ಹತ್ತು ದಿನ. ಕಾರಣ ಪೂರ್ತಿ ತಿಳಿಯಲಿ, ತಾರೀಕು ಗಟ್ಟಿಯಾಗಲಿ, ಒಂದೇ ಸಲ ಸರಿಯಾಗಿ ಬರೆಯೋಣ ಅಂತ ಕಾಯುತ್ತಾ ಕೂತೆ. 18ಕ್ಕೇ ಎರಡು ಸಾಲು ಹಾಕಬಹುದಿತ್ತು: ಏಪ್ರಿಲ್ 1ಕ್ಕೆ ಆಗುವುದು ಅನುಮಾನ, ಹಳೆಯದನ್ನು ಬಿಡಬೇಡಿ, ಹೊಸ ತಾರೀಕು ಇಂಥ ದಿನ ಹೇಳುತ್ತೇವೆ. ಅಷ್ಟು ಬರೆಯಲು ಕಾರಣ ಗೊತ್ತಿರಬೇಕಾದ್ದೇ ಇರಲಿಲ್ಲ.

ಪತ್ರ ಹೋದ ಅರ್ಧ ಗಂಟೆಗೆ ಸಾಹುಕಾರರ ಫೋನು ಬಂತು. ದನಿ ಏರಿಸಲಿಲ್ಲ.

"ಪತ್ರ ಓದಿದೆ ಕಣಮ್ಮಾ, ಎಲ್ಲಾ ತಿಳೀತು. 10ರ ತನಕ ಹಳೇದ್ರಲ್ಲಿ ಹಾಕಿ ಅಂತ ಬರ್ದೀರಿ. ಅದರ ವರ್ಷದ ರಿನೀವಲ್ಲು 31ಕ್ಕೆ ಮುಗಿಯುತ್ತೆ. ನೀವು ಕೊಡ್ತೀರಿ ಅಂತ ನಂಬಿ, ಬೇಡ ಅಂತ ಅವರಿಗೆ 20ಕ್ಕೇ ಹೇಳಿಬಿಟ್ಟೀನಲ್ಲ."

ಹತ್ತು ದಿನದ ಬಿಲ್ಲಿಗೋಸ್ಕರ ಅವರು ಪೂರ್ತಿ ವರ್ಷದ ದುಡ್ಡು ಕಟ್ಟಿದರು. ಅಷ್ಟನ್ನು ನಮ್ಮ ಬಿಲ್ಲಿನಲ್ಲಿ ಕಡಿಮೆ ಮಾಡಿದೆವು. ಏಪ್ರಿಲ್ 11ಕ್ಕೆ ಹೊಸದು ಶುರುವಾಯಿತು, ತೆರಿಗೆಯೂ ಸರಿಯಾಗಿ ಬಿತ್ತು. 18ರ ಮೆಸೇಜ್ ಗ್ರೂಪಿನಲ್ಲಿ ಇನ್ನೂ ಹಾಗೇ ಇದೆ, ಅದರ ಕೆಳಗೆ ನಾನೇ ಹಾಕಿದ, ಹೆಬ್ಬೆರಳು ಎತ್ತಿದ ಗುರುತಿನ ಸಮೇತ.