ಕೆನ್ನೆಗೆ ಹೊಡೆಯದ ಏಟು
ಕಾಲೇಜು ನಾಟಕದಲ್ಲಿ ಅಣ್ಣ ತಮ್ಮನ ಕೆನ್ನೆಗೆ ಹೊಡೆಯುವ ಸೀನ್ ಇದೆ. "ಸರ್, ನಿಜವಾಗ್ಲೂ ಮೆಲ್ಲಗೆ ಹೊಡೆದುಬಿಡ್ತೀನಿ" ಅಂದ ಅಣ್ಣನ ಪಾತ್ರದ ಹುಡುಗ. ಬೇಡಪ್ಪಾ ಅಂದೆ. ಶೋ ದಿನ ಆವೇಶದಲ್ಲಿ ಮೆಲ್ಲಗೆ ಅನ್ನೋದು ಯಾರ ಕೈಯಲ್ಲೂ ಉಳಿಯಲ್ಲ, ಕಿವಿಗೆ ಬಿದ್ದರೆ ಕಷ್ಟ.

ಕೈ ತಾಗದೆಯೇ ಹೊಡೆದ ಹಾಗೆ ಕಾಣಿಸಬೇಕು. ಅದಕ್ಕೆ ಮೊದಲು ದೂರ. ಹೊಡೆಯುವವನು ಕೈ ಪೂರ್ತಿ ಚಾಚಿದರೂ ಬೆರಳ ತುದಿ ಮುಖಕ್ಕೆ ಒಂದು ಗೇಣು ದೂರ ಇರಬೇಕು. ತಮ್ಮನ ಪಾತ್ರದ ಹುಡುಗ ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಲ್ಲುತ್ತಾನೆ, ಹಾಗಾಗಿ ಆ ಸಂದು ಅವರಿಗೆ ಕಾಣಲ್ಲ.

ಆಮೇಲೆ ಎಣಿಕೆ. ಒಂದಕ್ಕೆ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ತಮ್ಮ ರೆಡಿ ಇಲ್ಲದಿದ್ದರೆ ಏಟು ಅಲ್ಲೇ ರದ್ದು, ಡೈಲಾಗ್ ಮುಂದುವರಿಯುತ್ತೆ. ಎರಡಕ್ಕೆ ಕೈ ಹಿಂದಕ್ಕೆ. ಮೂರಕ್ಕೆ ಕೈ ಮುಖದ ಮುಂದೆ ಗಾಳಿಯಲ್ಲಿ ಹಾದುಹೋಗುತ್ತೆ, ಅದೇ ಕ್ಷಣಕ್ಕೆ ತಮ್ಮನ ಪಾತ್ರದವನು ತನ್ನ ಎದೆ ಹತ್ತಿರ ತಾನೇ ಚಪ್ಪಾಳೆ ತಟ್ಟಿ ಕತ್ತು ತಿರುಗಿಸುತ್ತಾನೆ. ಅಂದರೆ ಏಟಿನ ಸದ್ದು ಮಾಡೋದು ಏಟು ತಿಂದವನೇ! ಸದ್ದು ಚೂರು ತಡವಾದರೂ ಜನ ನಗ್ತಾರೆ.

ಅಭ್ಯಾಸ ಮೊದಲು ನೀರೊಳಗೆ ನಡೆದಷ್ಟು ನಿಧಾನ, ಆಮೇಲೆ ಅರ್ಧ ವೇಗ, ಎಣಿಕೆ ಬಾಯಿಪಾಠ ಆದಮೇಲಷ್ಟೇ ಮುಕ್ಕಾಲು, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಉಂಗುರ, ವಾಚು ತೆಗೆದಿಡಬೇಕು. ಯಾರು "ಸ್ಟಾಪ್" ಅಂದರೂ ಎಲ್ಲರೂ ನಿಲ್ಲಬೇಕು, ನಾನೂ ಸೇರಿ. ಪ್ರತಿ ಶೋಗೆ ಮುಂಚೆ ಅದೇ ರಂಗದ ಮೇಲೆ ಒಮ್ಮೆ ನಿಧಾನವಾಗಿ ಮಾಡಿ ನೋಡಲೇಬೇಕು.

ಹೊಡೆತದ ಸೀನ್‌ನಲ್ಲಿ ಇಬ್ಬರಿಗೂ ಇಷ್ಟೊಂದು ನಂಬಿಕೆ ಬೇಕು, ವಿಚಿತ್ರ ಅಲ್ವಾ? ಇನ್ನು ಪಕ್ಕದ ಸಾಲಿನ ಸೀಟುಗಳಿಂದ ಆ ಸಂದು ಕಾಣುತ್ತಾ ಅಂತ ನಾಳೆ ಕೂತು ನೋಡಬೇಕು.