ಪಟ್ಟಿಯಲ್ಲಿಲ್ಲದ ಹಬ್ಬ

"ಪಟ್ಟೀಲಿ ಇಲ್ವಲ್ಲ ಸಾರ್. ಬರೀ ಭಾನುವಾರ ಅಷ್ಟೆ."

ಈ ವಾರ ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಜಗಲಿಯಲ್ಲಿ ಹಳೆ ವಿದ್ಯಾರ್ಥಿಗಳ ಸಭೆ ಸೇರಿತ್ತು. ಗುರುವಂದನೆಗೆ ದಿನ ಗೊತ್ತುಮಾಡಬೇಕಿತ್ತು. ಖಜಾಂಚಿ ಹುಡುಗ ಮೊಬೈಲ್ ಎತ್ತಿ ಹಿಡಿದು ಈ ಮಾತು ಹೇಳಿದ್ದು 2026ರ ನವೆಂಬರ್ 8ರ ಬಗ್ಗೆ. ಅವತ್ತು ನರಕ ಚತುರ್ದಶಿ. ನಿವೃತ್ತ ಗಣಿತದ ಮೇಷ್ಟ್ರು ಎರಡು ಸಲ "ಅವತ್ತು ದೀಪಾವಳಿ ಕಣಪ್ಪ" ಅಂದರು. ಎರಡು ಸಲವೂ ಅದೇ ಉತ್ತರ: "ಪಟ್ಟೀಲಿ ಇಲ್ವಲ್ಲ ಸಾರ್."

ಹುಡುಗ ಸುಳ್ಳು ಹೇಳಲಿಲ್ಲ. ಪಟ್ಟಿಯಲ್ಲಿ ನಿಜವಾಗಿಯೂ ಇಲ್ಲ. ರಾಜ್ಯ ಸರ್ಕಾರ ಹೊರಡಿಸುವ ಸಾರ್ವತ್ರಿಕ ರಜಾ ಪಟ್ಟಿ ನೌಕರರಿಗೆ ಯಾವ ಕೆಲಸದ ದಿನ ರಜೆ ಎಂದು ಹೇಳಲು ಇರುವಂಥದ್ದು. ಭಾನುವಾರವೋ ಎರಡನೇ ಶನಿವಾರವೋ ಬಿದ್ದ ಹಬ್ಬಕ್ಕೆ ಬೇರೆ ರಜೆ ಬೇಕಿಲ್ಲ, ಹಾಗಾಗಿ ಅದು ಕೋಷ್ಟಕದೊಳಗೆ ಬರುವುದಿಲ್ಲ. ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ಒಂದು ಸಾಲಾಗಿ ಇರುತ್ತದೆ. 2026ರಲ್ಲಿ ಹೀಗೆ ಟಿಪ್ಪಣಿಗೆ ಇಳಿದವು ಐದು: ಫೆಬ್ರವರಿ 15ರ ಮಹಾಶಿವರಾತ್ರಿ, ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆ, ಅಕ್ಟೋಬರ್ 25ರ ವಾಲ್ಮೀಕಿ ಜಯಂತಿ, ನವೆಂಬರ್ 1ರ ರಾಜ್ಯೋತ್ಸವ, ನವೆಂಬರ್ 8ರ ನರಕ ಚತುರ್ದಶಿ. ಸಮಾರಂಭ ಮಾಡುವವರು ಹುಡುಕುವುದೇ ಭಾನುವಾರ. ಅವರಿಗೆ ಬೇಕಾದ ದಿನಗಳ ಬಗ್ಗೆಯೇ ಪಟ್ಟಿ ಬಾಯಿ ಮುಚ್ಚಿಕೊಂಡಿರುತ್ತದೆ. ವಾಟ್ಸಾಪ್‌ನಲ್ಲಿ ಹರಿದಾಡುವ ಪಟ್ಟಿಯ ಫೋಟೊದಲ್ಲಿ ಟಿಪ್ಪಣಿ ಕತ್ತರಿಸಿ ಹೋಗಿರುತ್ತದೆ. ಹುಡುಗನ ಕೈಯಲ್ಲಿದ್ದದ್ದು ಅಂಥದ್ದೇ ಫೋಟೊ.

ಆ ಹುಡುಗ ಒಳ್ಳೆಯವನು, ಚುರುಕು. ಗುಂಪಿನಲ್ಲಿ ಮತ ಹಾಕಿಸಿದವನೂ ಅವನೇ. ಒಂಬತ್ತು ಭಾನುವಾರಗಳನ್ನು ಕೊಟ್ಟು ಆರಿಸಿ ಎಂದಾಗ ನವೆಂಬರ್ 8ಕ್ಕೇ ಹೆಚ್ಚು ಮತ ಬಿತ್ತು. "ಹಬ್ಬಕ್ಕೆ ಹೇಗೂ ಊರಿಗೆ ಬಂದಿರ್ತೀವಲ್ಲ" ಅನ್ನುವುದು ಅವರ ಲೆಕ್ಕ. ಈ ಲೆಕ್ಕ ಗಂಡಸರದು. ಹಬ್ಬಕ್ಕೆ ತಮ್ಮ ಹುಟ್ಟೂರಿಗೆ ಬರುವವರು ಅವರು. ಅದೇ ತರಗತಿಯಲ್ಲಿ ಓದಿದ ಹೆಣ್ಣುಮಕ್ಕಳು ಅವತ್ತು ಬೆಳಗ್ಗೆ ಅತ್ತೆಮನೆಯಲ್ಲಿ ಎಣ್ಣೆ ಕಾಯಿಸುತ್ತಿರುತ್ತಾರೆ, ಒಬ್ಬಟ್ಟಿಗೆ ಹೂರಣ ರುಬ್ಬುತ್ತಿರುತ್ತಾರೆ. ಮತ ಹಾಕಿಸುವುದು ತಪ್ಪಲ್ಲ. ಸೋಸುವ ಮೊದಲೇ ಹಾಕಿಸಿದ್ದು ತಪ್ಪು. ಜರಡಿ ಹಿಡಿದು ಉಳಿದ ಎರಡು ದಿನಗಳನ್ನು ಮಾತ್ರ ಜನರ ಮುಂದೆ ಇಡಬೇಕು.

ಜರಡಿ ಹಿಡಿಯಲು ಬೇಕಾದ್ದು ನೋಟ್‌ಬುಕ್ಕಿನ ಒಂದು ಹಾಳೆ, ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್, ಒಂದು ಪಂಚಾಂಗ, ನಾಲ್ಕು ಫೋನ್ ಕರೆ. ಒಂದು ಸಂಜೆಯ ಕೆಲಸ. ಮೊದಲು ತಿಂಗಳುಗಳ ಮಿತಿ ಹಾಕಿಕೊಳ್ಳಬೇಕು. ಶಾಲೆಯ ಅಂಗಳದಲ್ಲಿ ನಡೆಯುವ ಕಾರ್ಯಕ್ರಮಕ್ಕೆ ನವೆಂಬರ್, ಡಿಸೆಂಬರ್ ಬಿಟ್ಟರೆ ಒಳ್ಳೆಯ ಜಾಗವೇ ಇಲ್ಲ. ಅದಕ್ಕೂ ಮುಂಚೆ ಅರ್ಧವಾರ್ಷಿಕ ಪರೀಕ್ಷೆ, ಉತ್ತರಪತ್ರಿಕೆ ತಿದ್ದುವ ಕೆಲಸ, ದಸರಾ ರಜೆ. ಜನವರಿಯಿಂದ ಹತ್ತನೇ ತರಗತಿಯವರ ಪೂರ್ವಸಿದ್ಧತಾ ಪರೀಕ್ಷೆಗಳ ಸಾಲು, ಹಿಂದೆಯೇ ಪಿಯುಸಿ, ಎಸ್ಸೆಸ್ಸೆಲ್ಸಿ. ಈ ವರ್ಷ ದ್ವಿತೀಯ ಪಿಯು ಪರೀಕ್ಷೆ–1 ಫೆಬ್ರವರಿ 28ಕ್ಕೆ ಶುರುವಾಯಿತು, ಎಸ್ಸೆಸ್ಸೆಲ್ಸಿ ಮಾರ್ಚ್ 18ಕ್ಕೆ. ಆ ತಿಂಗಳುಗಳಲ್ಲಿ ಮೇಷ್ಟ್ರುಗಳಿಗೆ ವಂದನೆ ಮಾಡುತ್ತೇವೆಂದರೆ ಮೇಷ್ಟ್ರುಗಳೇ ಸಿಗುವುದಿಲ್ಲ.

ಹಾಳೆಯ ಎಡಗಡೆ ಎರಡೂ ತಿಂಗಳ ಭಾನುವಾರಗಳನ್ನು ಒಂದರ ಕೆಳಗೊಂದು ಬರೆಯಬೇಕು. ನವೆಂಬರ್ 1, 8, 15, 22, 29; ಡಿಸೆಂಬರ್ 6, 13, 20, 27. ಪ್ರತಿಯೊಂದರ ಪಕ್ಕ ಹಿಂದಿನ ಶುಕ್ರವಾರದಿಂದ ಮುಂದಿನ ಮಂಗಳವಾರದವರೆಗೆ ಐದು ದಿನಗಳಲ್ಲಿ ಏನೇನಿದೆ ಎಂದು ಬರೆಯಬೇಕು. ಭಾನುವಾರವೊಂದನ್ನೇ ನೋಡಿದರೆ ಮೋಸಹೋಗುತ್ತೇವೆ. ಜನರನ್ನು ಎಳೆದುಕೊಂಡು ಹೋಗುವುದು ಅದರ ಅಕ್ಕಪಕ್ಕದ ದಿನಗಳು.

ನವೆಂಬರ್ 1 ರಾಜ್ಯೋತ್ಸವ. ಶಾಲೆಯಲ್ಲಿ ಧ್ವಜಾರೋಹಣ, ತಾಲ್ಲೂಕು ಕ್ರೀಡಾಂಗಣದಲ್ಲಿ ಮೆರವಣಿಗೆ, ಮೈಕ್ ಸೆಟ್ಟಿನವನು ನಾಲ್ಕು ಕಡೆ ಒಪ್ಪಿಕೊಂಡಿರುತ್ತಾನೆ. ತೆಗೆಯಬೇಕು. 8 ಹಬ್ಬ. 15ರಂದು ಏನೂ ಕಾಣುವುದಿಲ್ಲ, ಆದರೆ ಬಲಿಪಾಡ್ಯಮಿ 10ರ ಮಂಗಳವಾರ. 9ರ ಸೋಮವಾರಕ್ಕೆ ಒಂದು ರಜೆ ಹಾಕಿದರೆ ಭಾನುವಾರದಿಂದ ಮಂಗಳವಾರದವರೆಗೆ ಮೂರು ದಿನ ಊರಲ್ಲಿ ಕಳೆದು ಹೋದವರು, ಐದೇ ದಿನಕ್ಕೆ ಮತ್ತೆ ಬಸ್ಸು ಹತ್ತುವುದಿಲ್ಲ. ದೊಡ್ಡ ಹಬ್ಬದ ನಂತರದ ಮೊದಲ ಭಾನುವಾರ ಕ್ಯಾಲೆಂಡರಿನಲ್ಲಿ ಎಷ್ಟು ಖಾಲಿ ಕಾಣುತ್ತದೋ ಸಭಾಂಗಣದಲ್ಲೂ ಕುರ್ಚಿಗಳು ಅಷ್ಟೇ ಖಾಲಿ ಇರುತ್ತವೆ.

29ನ್ನು ನೋಡಿ ಎಲ್ಲರೂ ಹಿಗ್ಗಿದರು. ತಿಂಗಳ ಕೊನೆ, ಹಬ್ಬವಿಲ್ಲ, ಮದುವೆಮನೆಗಳ ಓಲೆಯೂ ಇನ್ನೂ ಬಂದಿಲ್ಲ. ಆದರೆ 27ರ ಶುಕ್ರವಾರ ಕನಕ ಜಯಂತಿ, 28 ನಾಲ್ಕನೇ ಶನಿವಾರ. ಬ್ಯಾಂಕಿನವರಿಗೂ ರಾಜ್ಯ ಸರ್ಕಾರದ ಕಚೇರಿಯವರಿಗೂ ಮೂರು ದಿನದ ಸಾಲು ರಜೆ. ಸಾಲು ರಜೆಯಲ್ಲಿ ಜನ ಊರಿಗೆ ಬರುವುದಕ್ಕಿಂತ ಪ್ರವಾಸಕ್ಕೆ ಹೋಗುವುದೇ ಹೆಚ್ಚು, ಬಸ್ಸಿನ ಸೀಟೂ ಸಿಗುವುದಿಲ್ಲ. ಡಿಸೆಂಬರ್ 27ರ ಕಥೆಯೂ ಅದೇ: 25 ಶುಕ್ರವಾರ ಕ್ರಿಸ್‌ಮಸ್, 26 ನಾಲ್ಕನೇ ಶನಿವಾರ. ಎರಡನೇ ಮತ್ತು ನಾಲ್ಕನೇ ಶನಿವಾರಗಳಿಗೆ ಮೊದಲೇ ಸುತ್ತು ಹಾಕಿಟ್ಟುಕೊಳ್ಳದವರಿಗೆ ಈ ಎರಡೂ ಕಣ್ಣಿಗೆ ಬೀಳುವುದಿಲ್ಲ. ಎಣಿಸುವಾಗಲೂ ಎಚ್ಚರ ಬೇಕು. ತಿಂಗಳ ಮೊದಲ ವಾರದಲ್ಲಿ ಬರುವ ಶನಿವಾರವೇ ಮೊದಲನೆಯದು, ಅದು 7ನೇ ತಾರೀಖಾದರೂ ಸರಿ. ಎರಡನೆಯದು ಯಾವಾಗಲೂ 8ರಿಂದ 14ರೊಳಗೆ, ನಾಲ್ಕನೆಯದು 22ರಿಂದ 28ರೊಳಗೆ ಬೀಳುತ್ತದೆ.

ಡಿಸೆಂಬರ್ 6 ಅಂಬೇಡ್ಕರ್ ಅವರ ಪರಿನಿರ್ವಾಣ ದಿನ. ರಜೆಯಲ್ಲ, ಆದರೆ ನಮ್ಮ ಮೇಷ್ಟ್ರುಗಳಲ್ಲಿ, ಹಳೆ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಅವತ್ತು ತಮ್ಮ ಕೇರಿಯ ಕಾರ್ಯಕ್ರಮ ಬಿಟ್ಟು ಬರಲಾರರು, ಬರಬೇಕೆಂದು ಕೇಳುವುದೂ ಸಲ್ಲ. ಸಭೆಯಲ್ಲಿ ಇದನ್ನು ಯಾರೂ ಎತ್ತಲಿಲ್ಲ. ಹಾಳೆಯ ಮೇಲೆ ಪ್ರತಿ ದಿನದ ಮುಂದೆ "ಅವತ್ತು ಯಾರು ಬರಲಾಗುವುದಿಲ್ಲ?" ಎಂದು ಒಂದು ಅಂಕಣ ಹಾಕಿಕೊಂಡಿದ್ದರೆ ತಾನಾಗಿ ಎದ್ದು ಬರುತ್ತಿತ್ತು.

ಉಳಿದದ್ದು ನವೆಂಬರ್ 22, ಡಿಸೆಂಬರ್ 13, ಡಿಸೆಂಬರ್ 20. ಹೆಚ್ಚಿನವರಿಗೆ 20 ಇಷ್ಟವಾಗಿತ್ತು. ಡಿಸೆಂಬರ್ 16ರಿಂದ ಧನುರ್ಮಾಸ, ಮದುವೆಗಳಿಲ್ಲ, ಶಾಮಿಯಾನದವನೂ ಅಡುಗೆಯವರೂ ಬಿಡುವಾಗಿರುತ್ತಾರೆ. ಲೆಕ್ಕ ಸರಿಯೇ. ಆದರೆ ಅಡುಗೆ ಭಟ್ಟರಿಗೆ ಫೋನ್ ಮಾಡಿದಾಗ ಅವರು ಒಂದೇ ಮಾತು ಕೇಳಿದರು: "ಅವತ್ತು ಯಾರಿಗೆ ಬಡಿಸ್ತೀರಿ? ವೈಕುಂಠ ಏಕಾದಶಿ."

ಅದು ರಜಾ ಪಟ್ಟಿಯ ಟಿಪ್ಪಣಿಯಲ್ಲೂ ಸಿಗದ ದಿನ. ಮೇಷ್ಟ್ರುಗಳಲ್ಲಿ ಹಿರಿಯರು ಉಪವಾಸ ಇರುತ್ತಾರೆ, ಬೆಳಗಿನ ಜಾವದಿಂದ ದೇವಸ್ಥಾನದ ಸಾಲಿನಲ್ಲಿ ನಿಂತಿರುತ್ತಾರೆ. ನಾನೂರು ಎಲೆಗೆ ಮಾಡಿದ ಅಡುಗೆಯಲ್ಲಿ ಎಷ್ಟು ಉಳಿಯುತ್ತದೆಂದು ಊಹಿಸಲು ಭಟ್ಟರಿಗೆ ಪಂಚಾಂಗವೂ ಬೇಕಿರಲಿಲ್ಲ. ದಿನ ಗೊತ್ತುಮಾಡುವ ಸಭೆಗೆ ಮೊದಲು ಕರೆಯಬೇಕಾದವರು ಅಡುಗೆಯವರು. ಏಕಾದಶಿ, ಅಮಾವಾಸ್ಯೆ, ಪಿತೃಪಕ್ಷ, ಊರ ತೇರು, ಯಾರ ಮನೆಯಲ್ಲಿ ಯಾವ ಶುಭಕಾರ್ಯ, ಎಲ್ಲವೂ ಅವರ ಡೈರಿಯಲ್ಲಿರುತ್ತದೆ. ಅಧ್ಯಕ್ಷರನ್ನು ಕೇಳುವುದು ಆಮೇಲೆ ಆದರೂ ನಡೆಯುತ್ತದೆ.

ಎರಡನೇ ಕರೆ ಮುಖ್ಯೋಪಾಧ್ಯಾಯರಿಗೆ. "ಆ ದಿನ ಪರೀಕ್ಷೆ ಇದೆಯಾ" ಎಂದಷ್ಟೇ ಕೇಳಿದರೆ ಅವರು ತಮ್ಮ ಮಕ್ಕಳ ಪರೀಕ್ಷೆಯನ್ನು ನೆನೆದು ಇಲ್ಲ ಅನ್ನುತ್ತಾರೆ. ಬಿಡಿಸಿ ಕೇಳಬೇಕು. ಆ ಭಾನುವಾರ ಶಾಲೆ ಯಾವುದಾದರೂ ಸ್ಪರ್ಧಾತ್ಮಕ ಪರೀಕ್ಷೆಗೆ ಕೇಂದ್ರವಾಗಿದೆಯಾ? ನಮ್ಮಲ್ಲಿ ನೇಮಕಾತಿ ಪರೀಕ್ಷೆಗಳು ಹೆಚ್ಚಾಗಿ ನಡೆಯುವುದೇ ಶನಿವಾರ, ಭಾನುವಾರ. ಕೇಂದ್ರವಾದರೆ ಹಿಂದಿನ ಮಧ್ಯಾಹ್ನವೇ ಡೆಸ್ಕುಗಳಿಗೆ ನೋಂದಣಿ ಸಂಖ್ಯೆ ಅಂಟಿಸಿ ಬಾಗಿಲು ಹಾಕುತ್ತಾರೆ, ಸುತ್ತಮುತ್ತ ನಿಷೇಧಾಜ್ಞೆ ಬರುತ್ತದೆ, ಮೈಕ್ ಹಚ್ಚುವಂತಿಲ್ಲ. ಆ ದಿನ ನಿಮ್ಮ ಶಿಕ್ಷಕರಿಗೆ ಬೇರೆಡೆ ಕೊಠಡಿ ಮೇಲ್ವಿಚಾರಣೆ ಬರಬಹುದಾ? ಶೈಕ್ಷಣಿಕ ಪ್ರವಾಸ ಹೊರಡುವುದು ಯಾವಾಗ? ಡಿಸೆಂಬರ್ ಪ್ರವಾಸದ ತಿಂಗಳು. ಬಸ್ಸು ಹೊರಟ ಮೇಲೆ ಸ್ವಾಗತಗೀತೆ ಹಾಡುವ ಮಕ್ಕಳೂ ಇರುವುದಿಲ್ಲ, ಕಲಿಸಿದ ಮೇಡಮ್ಮೂ ಇರುವುದಿಲ್ಲ.

ಮೂರನೇ ಕರೆ ಊರ ದೇವಸ್ಥಾನದ ಅರ್ಚಕರಿಗೆ. ಕಾರ್ತಿಕದ ಕೊನೆಯ ಸೋಮವಾರ ಡಿಸೆಂಬರ್ 7. ದೀಪೋತ್ಸವ ಅವತ್ತೋ, ಅದರ ಹಿಂದುಮುಂದೋ ಎಂದು ಕೇಳಿಕೊಳ್ಳಬೇಕು. ನಾಲ್ಕನೆಯದು ಶಾಮಿಯಾನದವನಿಗೆ. ಕೊಡಗಿನ ಕಡೆಯವರಾದರೆ ಹುತ್ತರಿಯನ್ನೂ ನೋಡಿಕೊಳ್ಳಬೇಕು, ಅದು ಆ ಜಿಲ್ಲೆಗೆ ಮಾತ್ರ ಸೇರಿದ ರಜೆ.

ಡಿಸೆಂಬರ್ 13 ಗೆದ್ದದ್ದು ಹೀಗೆ. ಹಿಂದಿನ ದಿನ ಎರಡನೇ ಶನಿವಾರ. ಬೆಂಗಳೂರಿನಿಂದ ಬರುವವರು ಶನಿವಾರ ಹೊರಟು ರಾತ್ರಿ ಊರಲ್ಲಿ ತಂಗಿ, ಭಾನುವಾರ ಸಂಜೆ ಹಿಂತಿರುಗಬಹುದು. ಮೂರು ದಿನದ ರಜೆ ಜನರನ್ನು ದೂರಕ್ಕೆ ಎಳೆದರೆ, ಎರಡು ದಿನದ್ದು ಊರಿಗೆ ಕರೆತರುತ್ತದೆ. ಈ ದಿನಕ್ಕೂ ಒಂದು ಕುಂದಿದೆ: ಧನುರ್ಮಾಸಕ್ಕೆ ಮುಂಚಿನ ಕೊನೆಯ ಭಾನುವಾರವಾದ್ದರಿಂದ ಮದುವೆಯವರೂ ಅದನ್ನೇ ಹಿಡಿಯುತ್ತಾರೆ. ಆದ್ದರಿಂದ ಭಟ್ಟರಿಗೂ ಶಾಮಿಯಾನದವನಿಗೂ ಮುಂಗಡ ಕೊಡುವುದು ಮೊದಲು, ಆಹ್ವಾನ ಪತ್ರಿಕೆ ಆಮೇಲೆ. ನವೆಂಬರ್ 22ನ್ನು ಕಾಯ್ದಿರಿಸಿದ ದಿನವಾಗಿ ಇಟ್ಟುಕೊಂಡರು. ಹಿಂದಿನ ದಿನ ಉತ್ಥಾನ ದ್ವಾದಶಿ, ತುಳಸಿ ಪೂಜೆ ಸಂಜೆಗೇ ಮುಗಿದಿರುತ್ತದೆ. ಶನಿವಾರ ಮಾತ್ರ ಕೆಲಸದ ದಿನ, ದೂರದವರಿಗೆ ಕಷ್ಟ.

ನವೆಂಬರ್ ಮೊದಲ ವಾರದಲ್ಲಿ, ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ, ಮುಖ್ಯೋಪಾಧ್ಯಾಯರಿಗೆ ಮತ್ತೊಮ್ಮೆ ಫೋನ್ ಮಾಡಬೇಕು. ನೇಮಕಾತಿ ಪರೀಕ್ಷೆಗಳ ದಿನ ಮುಂದೂಡುತ್ತಲೇ ಇರುತ್ತವೆ, ಅವು ಎಲ್ಲಿ ಬಂದು ಕೂರುತ್ತವೆಂದು ಈಗಲೇ ಹೇಳಲಾಗದು. ಚುನಾವಣೆ ಘೋಷಣೆಯಾದರೆ ಶಾಲೆಯೇ ಮತಗಟ್ಟೆ, ನೀತಿಸಂಹಿತೆ ಬಂದರೆ ಮುಖ್ಯ ಅತಿಥಿಗಳ ಹೆಸರನ್ನೂ ಬದಲಿಸಬೇಕಾಗುತ್ತದೆ.

ಸಭೆ ಮುಗಿದ ಮೇಲೆ ಗಣಿತದ ಮೇಷ್ಟ್ರು ಹುಡುಗನ ಪಕ್ಕ ಕೂತು, ಸರ್ಕಾರದ ಜಾಲತಾಣದಿಂದ ಪೂರ್ತಿ ಪಟ್ಟಿ ತೆಗೆಸಿ, ಕೊನೆಯ ಪುಟದ ಟಿಪ್ಪಣಿಯನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದರು. ನರಕ ಚತುರ್ದಶಿ ಎಂಬಲ್ಲಿಗೆ ಬಂದಾಗ ಅವನು ನಿಲ್ಲಿಸಿ, "ಇಲ್ಲಿದೆ ಸಾರ್" ಅಂದ. ಆಮೇಲೆ ಆ ಪುಟವನ್ನೇ ಗುಂಪಿಗೆ ಹಾಕಿದ.